ಘಟ್ಟದ ಬುಡದಲ್ಲಿ ಬೈಕು ಕೊಳ್ಳುವವನ ಲೆಕ್ಕ: ಕಾರ್ಬ್ಯುರೇಟರೋ, ಇಂಜೆಕ್ಷನ್ನೋ?



ಸಂಪಾಜೆಯಲ್ಲಿರುವ ನನ್ನ ಅಕ್ಕನ ಮಗ ದಿನವೂ ಸುಳ್ಯದ ಕಾಲೇಜಿಗೆ ಹೋಗಿ ಬರುತ್ತಾನೆ. ಅವನಿಗೆ ಒಂದು ಸೆಕೆಂಡ್‌ಹ್ಯಾಂಡ್ ಬೈಕು ಬೇಕಾಗಿತ್ತು. ಊರಲ್ಲಿ ಎರಡು ಸಿಕ್ಕಿದವು. ಒಂದು 2016ರದು, ಕಾರ್ಬ್ಯುರೇಟರ್ ಇರುವಂಥದ್ದು. ಇನ್ನೊಂದು 2021ರದು, ಫ್ಯೂಯೆಲ್ ಇಂಜೆಕ್ಷನ್ ಇರುವಂಥದ್ದು. "ಮಾವ, ಯಾವುದು ತೆಗೆದುಕೊಳ್ಳುವುದು? ಹಳೆಯದಾದರೆ ಇಲ್ಲೇ ರಿಪೇರಿ ಆಗ್ತದೆ ಅಂತ ಅಪ್ಪ ಹೇಳ್ತಾರೆ" ಎಂದು ಕೇಳಿದ. ಈ ಪ್ರಶ್ನೆ ಹಳೆಯ ಗಾಡಿಗಳ ಪೇಟೆಯಲ್ಲಿ ಮಾತ್ರ ಉಳಿದಿದೆ. 2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ನಿಯಮ ಬಂದ ಮೇಲೆ ಹೊಸ ಪೆಟ್ರೋಲ್ ಬೈಕುಗಳು ಹೆಚ್ಚುಕಡಿಮೆ ಎಲ್ಲವೂ ಇಂಜೆಕ್ಷನ್ನಿನವೇ ಆಗಿವೆ.

ಎರಡರ ಕೆಲಸವೂ ಒಂದೇ. ಒಂದು ಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 14.7 ಗ್ರಾಂ ಗಾಳಿ ಬೇಕು. ಆ ಪ್ರಮಾಣದಲ್ಲಿ ಎರಡನ್ನೂ ಬೆರೆಸಿ ಎಂಜಿನ್ನಿಗೆ ಕೊಡಬೇಕು. ಕಾರ್ಬ್ಯುರೇಟರಿನಲ್ಲಿ ಗಾಳಿ ಒಂದು ಕಿರಿದಾದ ಕಂಠದ ಮೂಲಕ ವೇಗವಾಗಿ ಹಾಯುತ್ತದೆ. ಅಲ್ಲಿ ಒತ್ತಡ ಇಳಿಯುತ್ತದೆ, ಕೆಳಗಿನ ಬಟ್ಟಲಿನಿಂದ ಪೆಟ್ರೋಲ್ ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಮೇಲೆ ಬರುತ್ತದೆ. ನೀವು ಪಾಠದಲ್ಲಿ ಓದಿದ ಬರ್ನೌಲಿಯ ತತ್ವ ಇದೇ. ಇದಕ್ಕೆ ವಿದ್ಯುತ್ತು ಬೇಡ. ಇಂಜೆಕ್ಷನ್ನಿನಲ್ಲಿ ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಪೆಟ್ರೋಲನ್ನು ಒತ್ತಡದಿಂದ ತಳ್ಳುತ್ತದೆ. ಎಷ್ಟು ಹೊತ್ತು ಸಿಂಪಡಿಸಬೇಕೆಂಬುದನ್ನು ಒಂದು ಪುಟ್ಟ ಗಣಕ, ಸೆನ್ಸರುಗಳ ವರದಿ ನೋಡಿ, ಸೆಕೆಂಡಿನ ಸಾವಿರದ ಭಾಗಗಳಲ್ಲಿ ನಿರ್ಧರಿಸುತ್ತದೆ.

ಜೆಟ್ಟಿನ ರಂಧ್ರದ ಅಳತೆ ಒಂದೇ, ಆದರೆ ಗಾಳಿ ಎಲ್ಲ ಕಡೆಯೂ ಒಂದೇ ಅಲ್ಲ. ಸಂಪಾಜೆಯಿಂದ ಘಟ್ಟ ಹತ್ತಿ ಮಡಿಕೇರಿ ಮುಟ್ಟುವಾಗ ನಾವು ಸುಮಾರು ಒಂದು ಕಿಲೋಮೀಟರ್ ಮೇಲೇರಿರುತ್ತೇವೆ. ಅಲ್ಲಿ ಗಾಳಿಯ ಸಾಂದ್ರತೆ ಶೇಕಡಾ 10ರಷ್ಟು ಕಡಿಮೆ. ಗಾಳಿಯ ತೂಕ ಸಾಂದ್ರತೆಯ ವರ್ಗಮೂಲವನ್ನು ಅನುಸರಿಸುವುದರಿಂದ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಸುಮಾರು ಶೇಕಡಾ 5 ಏರುತ್ತದೆ. ಕೆಳಗೆ 14.7 ಇದ್ದದ್ದು ಮೇಲೆ 14ರ ಹತ್ತಿರ ಬರುತ್ತದೆ. ಇಷ್ಟಕ್ಕೆ ಗಾಡಿ ನಿಲ್ಲುವುದಿಲ್ಲ, ಸ್ವಲ್ಪ ಪೆಟ್ರೋಲ್ ವ್ಯರ್ಥವಾಗುತ್ತದೆ ಅಷ್ಟೆ. ಹಾಗಾಗಿ "ಘಟ್ಟಕ್ಕೆ ಕಾರ್ಬ್ಯುರೇಟರ್ ಆಗುವುದಿಲ್ಲ" ಎಂಬ ಮಾತನ್ನು ನಂಬಬೇಕಾಗಿಲ್ಲ.

ಅದಕ್ಕಿಂತ ದೊಡ್ಡ ಬದಲಾವಣೆ ಬಂಕಿನಲ್ಲೇ ಆಗಿದೆ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲೇ ಸಾಮಾನ್ಯವಾಯಿತು. ಎಥೆನಾಲಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಈ ಮಿಶ್ರಣಕ್ಕೆ ಬೇಕಾದ ಗಾಳಿ ಕಡಿಮೆ, ಗ್ರಾಮಿಗೆ ಸುಮಾರು 13.5 ಗ್ರಾಂ. ಹಳೆಯ ಪೆಟ್ರೋಲಿಗೆಂದು ಕೊರೆದ ಜೆಟ್ಟು ಇದನ್ನು ತಿಳಿಯದೆ ಅಷ್ಟೇ ಇಂಧನ ಕೊಡುತ್ತದೆ, ಗಾಳಿಯ ಪಾಲು ಹೆಚ್ಚಾಗುತ್ತದೆ. ಬೆಳಗಿನ ಚಳಿಯಲ್ಲಿ ಚೋಕ್ ಎಳೆದೇ ಇರಬೇಕಾಗುವುದು, ಆಕ್ಸಿಲರೇಟರ್ ತಿರುಗಿಸಿದಾಗ ಗಾಡಿ ಜಗ್ಗುವುದು, ಎಂಜಿನ್ ಹೆಚ್ಚು ಕಾಯುವುದು ಇದರ ಗುರುತುಗಳು. ಇಂಜೆಕ್ಷನ್ ಗಾಡಿಯಲ್ಲಿ ಸಾಮಾನ್ಯವಾಗಿ ಸೈಲೆನ್ಸರ್ ಕೊಳವೆಯ ಆಮ್ಲಜನಕ ಸೆನ್ಸರ್ ಇದನ್ನು ಕಂಡು ತಿದ್ದಿಕೊಳ್ಳುತ್ತದೆ. ಎಥೆನಾಲ್ ಹಳೆಯ ರಬ್ಬರನ್ನು ಕೆಡಿಸಬಲ್ಲುದು, ನೀರನ್ನೂ ಹೀರುತ್ತದೆ. ನಮ್ಮ ಕಡೆಯ ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಬೈಕಿನ ಟ್ಯಾಂಕಿನಲ್ಲಿ ಆ ನೀರು ಕೆಳಗಿಳಿದು ಪ್ರತ್ಯೇಕವಾಗುವುದೂ ಉಂಟು.

ಇನ್ನು ಮೈಲೇಜು. ನನ್ನ ಅಳಿಯನ ಲೆಕ್ಕವನ್ನೇ ತೆಗೆದುಕೊಳ್ಳೋಣ. ಹೋಗಿ ಬರಲು ದಿನಕ್ಕೆ ಸುಮಾರು 45 ಕಿಲೋಮೀಟರ್, ತಿಂಗಳಿಗೆ 25 ದಿನ, ಒಟ್ಟು 1,125 ಕಿಲೋಮೀಟರ್. ಹಳೆಯದು ಲೀಟರಿಗೆ 50 ಕಿಲೋಮೀಟರ್ ಓಡಿದರೆ 22.5 ಲೀಟರ್ ಬೇಕು. ಹೊಸದು 55 ಓಡಿದರೆ 20.5 ಲೀಟರ್ ಸಾಕು. ಉಳಿತಾಯ 2 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೂ ವರ್ಷಕ್ಕೆ 2,400 ರೂಪಾಯಿ. ಒಮ್ಮೆ ಪೆಟ್ರೋಲ್ ಪಂಪು ಬದಲಿಸುವ ಪ್ರಸಂಗ ಬಂದರೆ ಅದರ ಬೆಲೆ ಸಾವಿರಗಳಲ್ಲಿದೆ, ಒಂದು ವರ್ಷದ ಉಳಿತಾಯ ಅದರಲ್ಲೇ ಹೋಗುತ್ತದೆ. ಆದ್ದರಿಂದ ಮೈಲೇಜಿಗಾಗಿ ಮಾತ್ರ ಇಂಜೆಕ್ಷನ್ ಆರಿಸುವುದು ಸರಿಯಲ್ಲ.

ನಿಜವಾದ ವ್ಯತ್ಯಾಸ ಕೆಡುವ ರೀತಿಯಲ್ಲಿದೆ. ಕಾರ್ಬ್ಯುರೇಟರ್ ಮೆಲ್ಲಮೆಲ್ಲನೆ, ಮುನ್ಸೂಚನೆ ಕೊಟ್ಟು ಕೆಡುತ್ತದೆ. ಸ್ಲೋ ರನ್ನಿಂಗಿನಲ್ಲಿ ಮಾತ್ರ ಎಂಜಿನ್ ಆಫ್ ಆಗುತ್ತಿದ್ದರೆ ಹೆಚ್ಚಾಗಿ ಚಿಕ್ಕ ಜೆಟ್ಟಿನಲ್ಲಿ ಕಸ. ಕೆಳಗಿನ ಬಟ್ಟಲಿಗೆ ಒಂದು ಸ್ಕ್ರೂ ಇರುತ್ತದೆ. ಬೆಂಕಿ ದೂರವಿಟ್ಟು, ಎಂಜಿನ್ ತಣ್ಣಗಾದ ಮೇಲೆ ಅದನ್ನು ಸಡಿಲಿಸಿ ಗಾಜಿನ ಬಾಟಲಿಗೆ ಪೆಟ್ರೋಲ್ ಇಳಿಸಿದರೆ, ನೀರಿದ್ದಲ್ಲಿ ಅಡಿಯಲ್ಲಿ ಬೇರೆಯಾಗಿ ಕಾಣುತ್ತದೆ. ಒಂದು ಸ್ಕ್ರೂಡ್ರೈವರ್ ಮತ್ತು ಗಾಳಿ ಹಾಕುವ ಪಂಪು ಇರುವ ಯಾವ ಗ್ಯಾರೇಜಿನಲ್ಲಾದರೂ ಅರ್ಧ ಗಂಟೆಯ ಕೆಲಸ.

ಇಂಜೆಕ್ಷನ್ ಕೆಡುವುದು ಅಪರೂಪ. ಆದರೆ ಕೆಟ್ಟಾಗ ಒಮ್ಮೆಗೇ ನಿಲ್ಲುವುದುಂಟು. ಬ್ಯಾಟರಿ ಪೂರ್ತಿ ಸತ್ತರೆ ಪಂಪು ತಿರುಗುವುದಿಲ್ಲ. ಅಂಥ ಗಾಡಿಯನ್ನು ಘಟ್ಟದ ಇಳಿಜಾರಿನಲ್ಲಿ ತಳ್ಳಿದರೂ ಸ್ಟಾರ್ಟ್ ಆಗುತ್ತದೆಂದು ಹೇಳಲಾಗದು. ಕಂಡುಹಿಡಿಯಲು ಸುಲಭದ ದಾರಿ ಇದೆ. ಕೀಲಿ ತಿರುಗಿಸಿದ ಕೂಡಲೇ ಟ್ಯಾಂಕಿನಲ್ಲಿ ಎರಡು ಸೆಕೆಂಡು ಗುಂಯ್ ಎಂಬ ಶಬ್ದ ಕೇಳಬೇಕು. ಕೇಳದಿದ್ದರೆ ಮೊದಲು ಬ್ಯಾಟರಿ, ಆಮೇಲೆ ಫ್ಯೂಸ್, ಕೊನೆಗೆ ಪಂಪು ನೋಡಬೇಕು. ಎಂಜಿನ್ ಚಿತ್ರದ ಹಳದಿ ದೀಪ ಹತ್ತಿ, ಎಂಜಿನ್ ಚಾಲೂ ಆದ ಮೇಲೆ ಆರಬೇಕು. ಆರದಿದ್ದರೆ ಗಣಕ ಏನೋ ದೋಷ ದಾಖಲಿಸಿದೆ. ಅದನ್ನು ಓದುವ ಉಪಕರಣ ಇಲ್ಲದ ಮೆಕ್ಯಾನಿಕ್ ಊಹೆಯ ಮೇಲೆ ಒಂದೊಂದೇ ಭಾಗ ಬದಲಿಸುತ್ತಾ ಹೋದರೆ ಖರ್ಚು ನಮ್ಮದು.

ಪಂಪು ಬೇಗ ಕೆಡಲು ನಮ್ಮದೇ ಒಂದು ಅಭ್ಯಾಸವೂ ಕಾರಣ. ಟ್ಯಾಂಕಿನಲ್ಲಿ ಮುಳುಗಿರುವ ಪಂಪನ್ನು ತಣ್ಣಗಿಡುವುದು ಪೆಟ್ರೋಲೇ. 50 ರೂಪಾಯಿಯ ಪೆಟ್ರೋಲ್ ಹಾಕಿಸಿ ಯಾವಾಗಲೂ ರಿಸರ್ವಿನಲ್ಲೇ ಓಡಿಸಿದರೆ ಪಂಪು ಬಿಸಿಯಾಗಿ ಸವೆಯುತ್ತದೆ. ಬಾಟಲಿಯಲ್ಲಿ ತಂದು ಸುರಿದ ಪೆಟ್ರೋಲಿನ ಕಸ ಜಾಲರಿಯನ್ನು ಕಟ್ಟುತ್ತದೆ. ಕಾರ್ಬ್ಯುರೇಟರ್ ಇದನ್ನೆಲ್ಲ ಸಹಿಸುತ್ತಿತ್ತು.

ಸಣ್ಣ ಊರಿನ ಈ ಭಯ ಹೊಸದಲ್ಲ. ಬಜಾಜ್ ಪಲ್ಸರ್ 220 ಬೈಕು 2007ರಲ್ಲಿ ಇಂಜೆಕ್ಷನ್ನಿನೊಂದಿಗೆ ಬಂತು, 2009ರಲ್ಲಿ ಕಾರ್ಬ್ಯುರೇಟರಿಗೆ ಹಿಂದಿರುಗಿತು. 2020ರ ನಿಯಮದ ನಂತರ ಮತ್ತೆ ಇಂಜೆಕ್ಷನ್ ಬಂತು. ಆಗಿನ ಮತ್ತು ಈಗಿನ ವ್ಯತ್ಯಾಸವೆಂದರೆ, ಈಗ ಎಲ್ಲ ಕಂಪನಿಗಳ ಗಾಡಿಗಳೂ ಅದೇ ಆಗಿರುವುದರಿಂದ ತಾಲೂಕು ಕೇಂದ್ರದ ಗ್ಯಾರೇಜುಗಳೂ ಅದನ್ನು ಕಲಿಯಲೇಬೇಕಾಗಿದೆ.

ಅಳಿಯನಿಗೆ ನಾನು ಹೇಳಿದ್ದು ಇಷ್ಟು. "ಕೊಳ್ಳುವ ಮೊದಲು ಸುಳ್ಯಕ್ಕೆ ಹೋಗಿ ಮೂರು ಪ್ರಶ್ನೆ ಕೇಳು. ಈ ಮಾಡೆಲಿನ ದೋಷ ಓದುವ ಉಪಕರಣ ಇದೆಯೇ? ಪಂಪು ಸ್ಟಾಕಿನಲ್ಲಿದೆಯೇ, ತರಿಸಲು ಎಷ್ಟು ದಿನ? ಕೈಪಿಡಿಯಲ್ಲಿ ಯಾವ ಎಥೆನಾಲ್ ಪ್ರಮಾಣಕ್ಕೆ ಒಪ್ಪಿಗೆ ಇದೆ?" ಅವನು ಕೇಳಿ ಬಂದ. ಉಪಕರಣವಿತ್ತು, ಪಂಪು ಎರಡು ದಿನದಲ್ಲಿ ಬರುತ್ತಿತ್ತು. ದಿನವೂ ಓಡುವ ಗಾಡಿಯಾದ್ದರಿಂದ ಬ್ಯಾಟರಿಯೂ ಚಾರ್ಜ್ ಆಗಿರುತ್ತದೆ. ಅವನು 2021ರದನ್ನೇ ತೆಗೆದುಕೊಂಡ.

2016ರ ಬೈಕನ್ನು ಅವನ ಅಪ್ಪ ಬಿಡಲಿಲ್ಲ, ತೋಟಕ್ಕೆಂದು ಕೊಂಡರು. ದಿನಕ್ಕೆ ಮೂರು ನಾಲ್ಕು ಕಿಲೋಮೀಟರ್, ಮಳೆಗಾಲದಲ್ಲಿ ವಾರಗಟ್ಟಲೆ ನಿಂತಿರುವ ಗಾಡಿ, ಕೆಟ್ಟರೆ ಮನೆಯಂಗಳದಲ್ಲೇ ಬಿಚ್ಚಬೇಕು. ಅದಕ್ಕೆ ಕಾರ್ಬ್ಯುರೇಟರೇ ಸರಿ. ನಿಲ್ಲಿಸುವ ಮೊದಲು ಪೆಟ್ರೋಲ್ ನಲ್ಲಿ ಮುಚ್ಚಿ ಬಟ್ಟಲನ್ನು ಖಾಲಿ ಮಾಡಬೇಕು, ಪೆಟ್ರೋಲ್ ಪೈಪನ್ನು ವರ್ಷಕ್ಕೊಮ್ಮೆ ನೋಡಬೇಕು, ಅಷ್ಟೆ. 15 ವರ್ಷ ತುಂಬುವಾಗ, ಅಂದರೆ 2031ರಲ್ಲಿ, ನೋಂದಣಿ ನವೀಕರಿಸಬೇಕೆಂಬುದನ್ನೂ ಬೆಲೆ ಮಾತಾಡುವಾಗಲೇ ಭಾವನಿಗೆ ನೆನಪಿಸಿದ್ದೆ.