ಮರಳಿ ಬಾರದ ನಮಸ್ಕಾರ

ಹೈದರಾಬಾದಿನ ಗಚ್ಚಿಬೌಲಿ, ಕೊಂಡಾಪುರದಂಥ ಕಡೆ ಬೆಳಗಿನ ಒಂಬತ್ತು ಗಂಟೆಗೆ ಬಹುಮಹಡಿ ಮನೆಗಳ ಲಿಫ್ಟು ತುಂಬಿರುತ್ತದೆ. ಬೀದರಿನಿಂದಲೋ ಕಲಬುರಗಿಯಿಂದಲೋ ಮಗನ ಮನೆಗೆ ಬಂದ ಹಿರಿಯರು ಒಳಗೆ ಕಾಲಿಟ್ಟೊಡನೆ ‘ನಮಸ್ಕಾರ’ ಎಂದರೆ, ಎದುರಿಗಿದ್ದವರು ಬಾಗಿಲ ಮೇಲೆ ಬದಲಾಗುವ ಅಂಕಿಗಳನ್ನೇ ನೋಡುತ್ತ ನಿಂತಿರುತ್ತಾರೆ. ಉತ್ತರವಿಲ್ಲ. ಹಿರಿಯರಿಗೆ ಇದು ಸೊಕ್ಕು ಅನ್ನಿಸುತ್ತದೆ. ಮನಸ್ಸಿಗೆ ನೋವಾಗುವುದು ನಿಜ. ಆದರೆ ಆ ನೋವು ಎದುರಿನವರ ಉದ್ದೇಶಕ್ಕೆ ಸಾಕ್ಷಿಯಾಗುವುದಿಲ್ಲ ಎಂಬುದೇ ನನ್ನ ವಾದ.

ಮೊದಲು ಆ ಜಾಗವನ್ನೇ ನೋಡೋಣ. ನಮ್ಮ ವಸತಿಗಳಲ್ಲಿ ಸಾಮಾನ್ಯವಾಗಿ ಕಾಣುವ ಲಿಫ್ಟಿನ ಫಲಕದ ಮೇಲೆ 8 ಜನ, 544 ಕಿಲೋ ಎಂದು ಬರೆದಿರುತ್ತದೆ. ಅಂಥ ಲಿಫ್ಟಿನ ಒಳಗಿನ ಅಳತೆ ಸುಮಾರು 1.3 ಮೀಟರಿಗೆ 1.1 ಮೀಟರು. ಎಂಟು ಮಂದಿ ನಿಂತರೆ ಭುಜಕ್ಕೆ ಭುಜ ತಾಗುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1966ರಲ್ಲಿ ಬರೆದ ಪುಸ್ತಕದಲ್ಲಿ, ಸುಮಾರು 45 ಸೆಂಟಿಮೀಟರಿಗಿಂತ ಹತ್ತಿರದ ಜಾಗವನ್ನು ತೀರ ಆಪ್ತರಿಗೆ ಮೀಸಲಾದ ದೂರವೆಂದು ಗುರುತಿಸಿದ. ಅವನ ಅಳತೆ ಅಮೆರಿಕನ್ನರದು, ನಮ್ಮ ಬಸ್ಸುಗಳಲ್ಲಿ ಬೆಳೆದವರಿಗೆ ಅದು ಸ್ವಲ್ಪ ಕಡಿಮೆಯೇ ಇರಬಹುದು. ಆದರೂ ಅಪರಿಚಿತರ ಉಸಿರು ತಾಗುವಷ್ಟು ಹತ್ತಿರದಲ್ಲಿ ಕಣ್ಣಿಗೆ ಕಣ್ಣು ಕೂಡಿಸುವುದು ಯಾರಿಗೂ ಸುಲಭವಲ್ಲ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಇದನ್ನೇ ವಿವರಿಸಿದ: ಅಪರಿಚಿತರು ಒಬ್ಬರನ್ನೊಬ್ಬರು ಒಂದು ಕ್ಷಣ ನೋಡಿ, ‘ನೀವಿದ್ದೀರಿ ಎಂದು ಗೊತ್ತಾಯಿತು, ನಿಮ್ಮ ತಂಟೆಗೆ ಬರುವುದಿಲ್ಲ’ ಎಂಬಂತೆ ದೃಷ್ಟಿ ತಿರುಗಿಸುತ್ತಾರೆ. ಅವನ ಪ್ರಕಾರ ಇದೂ ಒಂದು ಬಗೆಯ ಸೌಜನ್ಯ. ಅಂಕಿಗಳನ್ನು ನೋಡುತ್ತ ನಿಂತವರು ಬಹುಮಟ್ಟಿಗೆ ಮಾಡುತ್ತಿರುವುದು ಇದನ್ನೇ. ಹಿರಿಯರ ಊರಿನಲ್ಲಿ ಮಾತಾಡಿಸುವುದು ಮರ್ಯಾದೆ, ಇಲ್ಲಿ ಮಾತಾಡಿಸದೆ ಬಿಡುವುದು ಮರ್ಯಾದೆ.

ಕಾರಿಡಾರಿನ ಕಥೆ ಬೇರೆ. ಅಲ್ಲಿ ಇಕ್ಕಟ್ಟಿಲ್ಲ, ಆದರೆ ಗಮನವಿರುವುದಿಲ್ಲ. ಈ ನಗರದ ಎಷ್ಟೋ ಕಂಪನಿಗಳ ಕೆಲಸ ಅಮೆರಿಕದ ಗಡಿಯಾರಕ್ಕೆ ಕಟ್ಟುಬಿದ್ದಿದೆ. ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಬಾಗಿಲಿನ ಬೀಗ ಹುಡುಕುವವರಿಗೆ ನಮ್ಮ ನಮಸ್ಕಾರ ಕಿವಿಗೆ ಬಿದ್ದರೂ ತಲೆಗೆ ಹೋಗದಿರಬಹುದು. ಕೂದಲ ಮರೆಯಲ್ಲಿ ಇಯರ್‌ಫೋನ್ ಇದ್ದರೆ ಕಿವಿಗೂ ಬೀಳುವುದಿಲ್ಲ. ಇನ್ನು ಕೆಲವರಿಗೆ ಹುಟ್ಟಿನಿಂದಲೇ ಮುಖಗಳ ಗುರುತು ಹಿಡಿಯುವುದು ಕಷ್ಟ. ಹೆಸರಾಂತ ನರರೋಗ ವೈದ್ಯ ಆಲಿವರ್ ಸ್ಯಾಕ್ಸ್‌ಗೆ ಈ ತೊಂದರೆಯಿತ್ತು, ಪರಿಚಿತರನ್ನೂ ಗುರುತಿಸಲಾಗದೆ ತಾನು ಪಟ್ಟ ಪಾಡನ್ನು ಆತ ಬರೆದಿದ್ದಾನೆ. ನಿನ್ನೆ ನಕ್ಕವರು ಇಂದು ನೋಡದೆ ಹೋದರೆ ಇದೂ ಒಂದು ಕಾರಣವಾಗಿರಬಹುದು. ಮತ್ತೆ ಲಿಫ್ಟಿಗೇ ಬಂದರೆ, ಒಂಟಿಯಾಗಿ ಅಲ್ಲಿರುವ ಹೆಣ್ಣುಮಗಳು ಅಪರಿಚಿತ ಗಂಡಸಿನ ‘ಹಲೋ’ಗೆ ಉತ್ತರಿಸದಿದ್ದರೆ ಅದಕ್ಕೆ ವಿವರಣೆ ಕೇಳುವ ಹಕ್ಕು ಯಾರಿಗೂ ಇಲ್ಲ. ಒಂದು ನಗೆಯನ್ನು ತಪ್ಪಾಗಿ ತಿಳಿದವರ ಅನುಭವ ಅವಳಿಗೆ ಹಿಂದೆ ಆಗಿರಬಹುದು.

‘ಹಾಗಾದರೆ ನಮಗಾಗುವ ನೋವು ಬರೀ ಭ್ರಮೆಯೇ?’ ಎಂದು ಕೇಳಬಹುದು. ಖಂಡಿತ ಅಲ್ಲ. 2012ರಲ್ಲಿ ಪ್ರಕಟವಾದ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆದ ಒಂದು ಅಧ್ಯಯನವಿದೆ. ನಡೆದುಹೋಗುವ ಜನರಲ್ಲಿ ಕೆಲವರ ಕಣ್ಣು ನೋಡಿ, ಕೆಲವರಿಗೆ ನೋಡಿ ನಕ್ಕು, ಇನ್ನು ಕೆಲವರು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಅವರಾಚೆ ದೃಷ್ಟಿ ಹಾಯಿಸಿ ಸಂಶೋಧಕರ ಸಹಾಯಕಿ ಮುಂದೆ ಸಾಗಿದಳು. ಕೂಡಲೇ ಇನ್ನೊಬ್ಬರು ಅವರನ್ನು ವಿಚಾರಿಸಿದಾಗ, ಅವಳು ಯಾರಾಚೆ ದೃಷ್ಟಿ ಹಾಯಿಸಿದ್ದಳೋ ಅವರು ಜನರಿಂದ ತಾವು ಹೆಚ್ಚು ದೂರವೆಂದು ಹೇಳಿದರು. ಆ ಸಹಾಯಕಿಗೆ ಅವರ ಮೇಲೆ ದ್ವೇಷವಿರಲಿಲ್ಲ, ಅವರು ಯಾರೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ನೋಯಿಸುವ ಉದ್ದೇಶವಿಲ್ಲದಿದ್ದರೂ ಅವರಿಗೆ ಹಾಗನ್ನಿಸಿತಲ್ಲ, ಇದು ನಾವು ಗಮನಿಸಬೇಕಾದ ಸಂಗತಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು: ಬೇಕೆಂದೇ ಕಡೆಗಣಿಸುವವರೂ ಇದ್ದಾರಲ್ಲ? ಇದ್ದಾರೆ. ಒಂದು ಸಲದ ಮೌನದಿಂದ ಅದು ಗೊತ್ತಾಗುವುದಿಲ್ಲ, ಹೋಲಿಸಿ ನೋಡಬೇಕು. ಲಿಫ್ಟಿನಲ್ಲಿ ಸುಮ್ಮನಿದ್ದವರು ಕೆಳಗೆ ತೋಟದಲ್ಲಿ ಕಂಡಾಗ ಮಾತಾಡುತ್ತಾರೆಯೇ? ಹೆಸರು ಹಿಡಿದು, ಸ್ವಲ್ಪ ದೂರದಿಂದಲೇ, ಅವರು ತಲೆಯೆತ್ತಿದಾಗ ನಮಸ್ಕರಿಸಿದರೆ ಏನು ಮಾಡುತ್ತಾರೆ? ಎಲ್ಲರೊಂದಿಗೂ ಹಾಗೆಯೇ ಇದ್ದರೆ ಅದು ಅವರ ಸ್ವಭಾವ. ಆದರೆ ಅದೇ ಗಳಿಗೆಯಲ್ಲಿ, ಅದೇ ಲಿಫ್ಟಿನಲ್ಲಿ, ವಸತಿ ಸಂಘದ ಅಧ್ಯಕ್ಷರಿಗೆ ಕೈಮುಗಿದು, ಪಕ್ಕದಲ್ಲೇ ನಿಂತ ವಾಚ್‌ಮನ್ ಹೇಳಿದ ನಮಸ್ಕಾರವನ್ನು ದಿನವೂ ಕೇಳಿಸಿಕೊಳ್ಳದವರಿಗೆ ಇಕ್ಕಟ್ಟು, ನಿದ್ದೆ, ಇಯರ್‌ಫೋನ್ ಯಾವುದೂ ಕಾರಣವಲ್ಲ. ಮನೆಗೆಲಸದವರಿಗೆ ಬೇರೆ ಲಿಫ್ಟು ಗೊತ್ತುಮಾಡುವ ವಸತಿಗಳಲ್ಲಿ ಈ ಭೇದ ನಿಯಮವಾಗಿಯೇ ನಿಂತಿದೆ. ಅಂಥಲ್ಲಿ ಬೇಸರಪಟ್ಟುಕೊಳ್ಳಬೇಡಿ ಎಂದು ವಾಚ್‌ಮನ್‌ಗೆ ನಾನು ಹೇಳಲಾರೆ.