ರೋಗಿಯ ಮಾತಿನಲ್ಲೇ ಒಂದು ಹಾಳೆ

ಬದುಕು ಬೇಡವೆನಿಸುವ ಸ್ಥಿತಿಗೆ ತಲುಪಿ ಮರಳಿದವರು ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನ ಅವರೊಡನೆ ಕುಳಿತು ಸುರಕ್ಷತಾ ಯೋಜನೆಯೊಂದನ್ನು ಬರೆಯುವುದು ನನ್ನ ವೃತ್ತಿಯ ಒಂದು ಭಾಗ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಈ ಕ್ರಮದಲ್ಲಿ ಆರು ಮೆಟ್ಟಿಲುಗಳಿವೆ. ಇದು ರೋಗಿಯಿಂದ ಬರೆಸಿಕೊಳ್ಳುವ ಮುಚ್ಚಳಿಕೆಯಲ್ಲ. ಮುಚ್ಚಳಿಕೆ ಏನು ಮಾಡಕೂಡದೆಂದು ಹೇಳುತ್ತದೆ; ಯೋಜನೆಯಾದರೋ ಆ ಗಳಿಗೆಯಲ್ಲಿ ಏನು ಮಾಡಬಹುದೆಂದು ಹೇಳುತ್ತದೆ.

ಹಲವರ ಅನುಭವಗಳನ್ನು ಕೂಡಿಸಿ ಒಬ್ಬ ರೈತರನ್ನು ಕಲ್ಪಿಸಿಕೊಳ್ಳೋಣ. ಮೊದಲ ಮೆಟ್ಟಿಲು ಮುನ್ಸೂಚನೆ. ವೈದ್ಯರಾದರೆ ‘ಖಿನ್ನತೆ ಉಲ್ಬಣಿಸಿದಾಗ’ ಎಂದು ಬರೆದಾರು. ರೈತರು ಹೇಳುವುದೇ ಬೇರೆ: “ಊಟಕ್ಕೆ ಕರೆದರೂ ಕೇಳಿಸದ ಹಾಗೆ ಕೂತಿರ್ತೀನಿ. ನಾನಿಲ್ಲದಿದ್ರೆ ಇವರಿಗೆಲ್ಲ ಹಗುರ ಅನ್ನಿಸೋಕೆ ಶುರುವಾಗ್ತದೆ.” ಹಾಳೆಯ ಮೇಲೆ ಬರಬೇಕಾದದ್ದು ಈ ಮಾತೇ. ನಡುರಾತ್ರಿಯಲ್ಲಿ ಅವರು ಗುರುತು ಹಿಡಿಯಬಲ್ಲದ್ದು ಇದನ್ನು, ನಮ್ಮ ಪರಿಭಾಷೆಯನ್ನಲ್ಲ.

ಎರಡನೆಯದು, ಒಬ್ಬರೇ ಇದ್ದಾಗ ಮನಸ್ಸನ್ನು ಹೊರಳಿಸುವ ಕೆಲಸ. ಧ್ಯಾನವೆಂದು ನಾವು ಸೂಚಿಸಬಹುದು. ಆದರೆ “ಆ ಹೊತ್ತಿನಲ್ಲಿ ಇದು ನಿಮ್ಮಿಂದ ಆಗುತ್ತದೆಯೇ? ಏನು ಅಡ್ಡಿಯಾಗಬಹುದು?” ಎಂದು ಕೇಳಲೇಬೇಕು. “ಕಣ್ಣು ಮುಚ್ಚಿದ್ರೆ ಅದೇ ಯೋಚನೆ ಬರ್ತದೆ ಸ್ವಾಮಿ, ಎದ್ದು ದನಗಳಿಗೆ ಮೇವು ಹಾಕ್ತೀನಿ” ಎಂದರೆ ಧ್ಯಾನವನ್ನು ಹೊಡೆದುಹಾಕಿ ಮೇವನ್ನು ಬರೆಯಬೇಕು. ಹಾಳೆಯ ತುಂಬ ನಯವಾದ, ಯಾರಿಗಾದರೂ ಒಪ್ಪುವ ವಾಕ್ಯಗಳೇ ಇದ್ದರೆ, ಬರೆದವರು ರೋಗಿಯಲ್ಲವೆಂದು ತಿಳಿಯಬಹುದು.

ಮೂರನೆಯದು ದುಃಖವನ್ನು ಹೇಳಿಕೊಳ್ಳದೆಯೂ ಹೋಗಿ ಕೂರಬಹುದಾದ ಜಾಗ: ಹಗಲಿಗೆ ಚಹಾದಂಗಡಿ, ರಾತ್ರಿಗೆ ಅಣ್ಣನ ಮನೆಯ ಜಗಲಿ. ನಾಲ್ಕನೆಯದು ಬಾಯಿಬಿಟ್ಟು ನೆರವು ಕೇಳಬಹುದಾದವರು. ಐದನೆಯದು ವೈದ್ಯರು, ಆಸ್ಪತ್ರೆ ಮತ್ತು ಹಗಲಿರುಳೂ ದೊರೆಯುವ ಟೆಲಿ ಮಾನಸ್ ಸಹಾಯವಾಣಿ, 14416. ಅಪಾಯ ಹತ್ತಿರವೆನಿಸಿದರೆ ಮೆಟ್ಟಿಲುಗಳನ್ನು ಎಣಿಸುತ್ತ ಕೂರದೆ ನೇರವಾಗಿ ಇಲ್ಲಿಗೇ ಬರಬೇಕು.

ಆರನೆಯದು ಮನೆಯನ್ನು ಸುರಕ್ಷಿತವಾಗಿಸುವುದು. ಬರೆಯುವಾಗ ಕೊನೆಯದಾದರೂ ರೋಗಿ ಮನೆ ಸೇರುವ ಮುನ್ನವೇ ಇದು ನಡೆಯಬೇಕು. “ಬೆಳೆಗೆ ಹೊಡೆಯೋ ಔಷಧಿ ಮನೇಲಿ ಬೇಡ, ಅಣ್ಣ ಒಯ್ಯಲಿ” ಎಂದು ಅವರೇ ಹೇಳಿದರೆ, ಒಯ್ದದ್ದಾಯಿತೆಂದು ಅಣ್ಣನಿಂದ ಖಚಿತಪಡಿಸಿಕೊಳ್ಳಬೇಕು. ಸಾಯಬೇಕೆಂಬ ತೀವ್ರತೆ ಅನೇಕ ವೇಳೆ ಏರಿ ಇಳಿಯುವಂಥದು. ಅದು ಇಳಿಯುವಷ್ಟು ಕಾಲವನ್ನು ಈ ದೂರ ದೊರಕಿಸಿಕೊಡುತ್ತದೆ.

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಂಥ ಯೋಜನೆ ಪಡೆದವರಲ್ಲಿ ಮುಂದಿನ ಆರು ತಿಂಗಳ ಆತ್ಮಹತ್ಯಾ ವರ್ತನೆ ಶೇಕಡಾ 45ರಷ್ಟು ಕಡಿಮೆಯಿತ್ತು. ಆದರೆ ಅವರಿಗೆ ಹಾಳೆಯೊಂದೇ ಅಲ್ಲ, ಮನೆಗೆ ಹೋದ ಮೇಲೆ ವಿಚಾರಿಸುವ ದೂರವಾಣಿ ಕರೆಗಳೂ ದೊರೆತಿದ್ದವು. ಆದ್ದರಿಂದ ಕೇಳುಗರೇ, ಮುಂದಿನ ಭೇಟಿಯಲ್ಲಿ ನಾನು ಕೇಳುವ ಪ್ರಶ್ನೆಗಳು ಎರಡು: “ಹಾಳೆ ಎಲ್ಲಿಟ್ಟಿದ್ದೀರಿ? ಅದರಲ್ಲಿ ಯಾವುದು ಉಪಯೋಗಕ್ಕೆ ಬರಲಿಲ್ಲ?” ಬಾರದ್ದನ್ನು ಅಳಿಸಿ, ಅವರು ಹೇಳಿದ ಹೊಸ ಮಾತನ್ನು ಅಲ್ಲಿ ಬರೆಯುತ್ತೇವೆ.