ಕಿವಿಗಾಗಿ ಬರೆಯುವ ಕಥೆ: ಬಾಲ ವಾಸುದೇವನ ಹುಣಸೆಬೀಜದ ಪ್ರಸಂಗ

(ಶಾಖಾಮಠದ ಬಾಲಸಂಸ್ಕಾರ ವರ್ಗದ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಮಕ್ಕಳ ಭಕ್ತಿವಾಹಿನಿಗಾಗಿ ಶ್ರೀಮಧ್ವಾಚಾರ್ಯರ ಬಾಲ್ಯದ ಕಥೆಯೊಂದಕ್ಕೆ ಹಿನ್ನೆಲೆ ಧ್ವನಿಯ ಬರಹವನ್ನು ಸಿದ್ಧಪಡಿಸುವ ಬಗೆ ಹೇಗೆ ಎಂಬುದನ್ನು ತಿಳಿಸಬೇಕೆಂದು ತಾವು ಅಪೇಕ್ಷಿಸಿದ್ದೀರಿ. ಒಂದೇ ಪ್ರಸಂಗವನ್ನು ತೆಗೆದುಕೊಂಡು, ಅದನ್ನು ಬರೆಯುವಾಗ ಎದುರಾಗುವ ಪ್ರಶ್ನೆಗಳನ್ನು ನಿವೇದಿಸುತ್ತೇನೆ.

ಆಚಾರ್ಯರ ಬಾಲಲೀಲೆಗಳಿಗೆ ನಮ್ಮ ಮುಖ್ಯ ಆಧಾರ ಶ್ರೀನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯ. ಹದಿನಾರು ಸರ್ಗಗಳ ಆ ಕಾವ್ಯದ ಆರಂಭದ ಸರ್ಗಗಳಲ್ಲಿ ಪಾಜಕದ ಬಾಲ ವಾಸುದೇವನ ಕಥೆಗಳಿವೆ. ಹುರುಳಿಯನ್ನು ಜೀರ್ಣಿಸಿಕೊಂಡದ್ದು, ಎತ್ತಿನ ಬಾಲ ಹಿಡಿದು ಕಾಡಿಗೆ ಹೋದದ್ದು ಇವೆಲ್ಲ ಎಲ್ಲರಿಗೂ ಪರಿಚಿತ. ಆದರೆ ಇವೆರಡೂ ಕೇಳಿದ ಮಗು ಅನುಕರಿಸಲು ಹೊರಡಬಹುದಾದ ಕಥೆಗಳು. ಆದ್ದರಿಂದ ಐದಾರು ವರ್ಷದ ಮಕ್ಕಳಿಗೆ ನಾನು ಮೊದಲು ಆರಿಸುವುದು ಹುಣಸೆಬೀಜದ ಪ್ರಸಂಗವನ್ನು.

ಕಥೆ ಚಿಕ್ಕದು. ತಂದೆ ಮಧ್ಯಗೇಹ ಭಟ್ಟರು ಒಬ್ಬನಿಗೆ ಹಣ ಕೊಡಬೇಕಾಗಿತ್ತು. ಅವನು ಮನೆಗೆ ಬಂದು, ಹಣ ಕೊಡುವವರೆಗೆ ಬಿಡುವುದಿಲ್ಲವೆಂದು ಪಟ್ಟು ಹಿಡಿದನು. ಬಾಲಕ ವಾಸುದೇವನು ಕೆಲವು ಹುಣಸೆಬೀಜಗಳನ್ನು ತಂದು ಅವನ ಕೈಗಿತ್ತನು. ಅವನು ಅವನ್ನು ಸ್ವೀಕರಿಸಿ ಹೊರಟುಹೋದನು. ಮುಂದೆ ತಂದೆಯು ಹಣ ಕೊಡಲು ಮುಂದಾದಾಗ, 'ನಿಮ್ಮ ಮಗನಿಂದಲೇ ನನಗೆ ಸಂದಿದೆ' ಎಂದು ಹೇಳಿ ಪಡೆಯಲೊಪ್ಪಲಿಲ್ಲ.

ಬರೆಯುವವನಿಗೆ ಮೊದಲ ಪರೀಕ್ಷೆ ಇಲ್ಲಿಯೇ. ಬೀಜಗಳು ಚಿನ್ನದ ನಾಣ್ಯಗಳಾದವೆಂದು ಹೇಳುವ ರೂಢಿಯೂ ಜನರಲ್ಲಿದೆ. ಚಿತ್ರ ಬರೆಯುವವರಿಗೆ ಅದು ಬಹಳ ಅನುಕೂಲ. ಥಳಥಳ ಹೊಳೆಯುವ ನಾಣ್ಯ, ಅದರೊಡನೆ ಒಂದು ಘಂಟಾನಾದ. ಆದರೆ ಹಾಗೆ ಮಾಡಿದೊಡನೆ ಕಥೆಯ ತಿರುಳು ಬದಲಾಗುತ್ತದೆ. ಬೀಜ ಚಿನ್ನವಾದರೆ ಸಾಲ ಕೊಟ್ಟವನಿಗೆ ದೊರೆತದ್ದು ಹಣವಷ್ಟೇ. ಅದರಲ್ಲಿ ಅವನ ಮನಸ್ಸಿನ ಪಾತ್ರವೇನೂ ಇಲ್ಲ. ಬೀಜ ಬೀಜವಾಗಿಯೇ ಉಳಿದು, ಅವನು 'ಸಂದಿತು' ಎಂದರೆ, ಆ ಪುಟ್ಟ ಕೈ ಕೊಟ್ಟದ್ದು ಹಣಕ್ಕಿಂತ ಹೆಚ್ಚೆಂದು ಅವನಿಗೆ ತೋರಿತು ಎಂದಾಯಿತು. ಪಟ್ಟು ಹಿಡಿದು ಕುಳಿತವನು ಬದಲಾದದ್ದೇ ಇಲ್ಲಿಯ ಅದ್ಭುತ. ಆದ್ದರಿಂದ ಚಿತ್ರದಲ್ಲಿ ಕೊನೆಯವರೆಗೂ ಬೀಜ ಕಂದುಬಣ್ಣದ ಬೀಜವಾಗಿಯೇ ಇರಲಿ ಎಂದು ಬರಹದ ಅಂಚಿನಲ್ಲಿ ಸ್ಪಷ್ಟವಾಗಿ ಸೂಚಿಸಬೇಕು. ಇಲ್ಲವಾದರೆ ಚಿತ್ರಕಾರರು ಹೊಳಪನ್ನು ತಾವಾಗಿಯೇ ಸೇರಿಸಿಬಿಡುತ್ತಾರೆ.

ಎರಡನೆಯದು ಕಾಲದ ಲೆಕ್ಕ. ಮಕ್ಕಳಿಗಾಗಿ ನಿಧಾನವಾಗಿ ಓದಿದರೆ ಒಂದು ನಿಮಿಷಕ್ಕೆ ಸುಮಾರು 80 ಕನ್ನಡ ಪದಗಳು ಸಾಗುತ್ತವೆ. ನಾಲ್ಕು ನಿಮಿಷದ ಚಿತ್ರದಲ್ಲಿ ಆದಿ ಅಂತ್ಯಗಳ ಪ್ರಾರ್ಥನೆಗೆ ಅರ್ಧ ನಿಮಿಷ, ಮಾತಿಲ್ಲದೆ ಚಿತ್ರವೇ ನುಡಿಯುವ ಕಡೆಗಳಿಗೆ ಇನ್ನೊಂದು ಮುಕ್ಕಾಲು ನಿಮಿಷ ಬಿಟ್ಟರೆ, ಉಳಿಯುವುದು ಸುಮಾರು 220 ಪದಗಳ ಜಾಗ. ಅದಕ್ಕಿಂತ ಹೆಚ್ಚು ಬರೆದರೆ ಓದುವವರು ಓಡುತ್ತಾರೆ. ಮೊದಲು ನಷ್ಟವಾಗುವುದು ಮೌನ. ಬಾಲಕನು ಬೀಜಗಳನ್ನು ಕೈಗಿಟ್ಟ ಮೇಲೆ ಮೂರು ಎಣಿಸುವಷ್ಟು ಮೌನ ಬೇಕೇ ಬೇಕು. ಮಗು ಕಥೆಯನ್ನು ತನ್ನದಾಗಿಸಿಕೊಳ್ಳುವುದು ಆ ಹೊತ್ತಿನಲ್ಲಿ.

ಮೂರನೆಯದು ಪದಗಳ ವಿಚಾರ. ನಾಡಿನಿಂದ ದೂರದಲ್ಲಿ, ಪುಣೆ ಮುಂಬಯಿಗಳಂತಹ ಊರುಗಳಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. 'ಸಾಲ' ಎಂದರೆ ಹಿಂದಿ ಮರಾಠಿಗಳ ನಡುವೆ ಇರುವ ಮಗುವಿನ ಕಿವಿಗೆ ಕೇಳಿಸುವುದು 'ವರ್ಷ'. 'ಸಾಲಗಾರ' ಎಂಬ ಮಾತಂತೂ ಕೊಟ್ಟವನಿಗೂ ತೆಗೆದುಕೊಂಡವನಿಗೂ ಬಳಕೆಯಲ್ಲಿದೆ. ಆದಕಾರಣ ಮೊದಲು ಸಂಗತಿಯನ್ನು ಬಿಡಿಸಿ ಹೇಳಿ, ಅನಂತರ ಪದವನ್ನಿಡಬೇಕು. ಹುಣಸೆಗೂ ಹಾಗೆಯೇ, 'ಚಿಂಚ' ಎಂದೋ 'ಇಮ್ಲಿ' ಎಂದೋ ಬಲ್ಲ ಮಗುವಿಗೆ, ಅಮ್ಮನ ಸಾರಿಗೆ ಹುಳಿ ಕೊಡುವ ಹಣ್ಣು ಎಂದರೆ ಸಾಕು, ಕನ್ನಡದ ಪದ ತಾನಾಗಿ ನಿಲ್ಲುತ್ತದೆ. ಕಠಿಣ ಪದವನ್ನು ತೆಗೆದುಹಾಕಿದರೆ ಮಗುವಿಗೆ ಆ ಪದ ಎಂದಿಗೂ ಬಾರದು.

ವಾಕ್ಯರಚನೆಯಲ್ಲಿಯೂ ಒಂದು ಎಚ್ಚರ. ಬರಹದಲ್ಲಿ ನಾವು ಮಾತನ್ನೆಲ್ಲ ಮೊದಲು ಬರೆದು, ಕೊನೆಗೆ 'ಎಂದು ತಂದೆ ಹೇಳಿದರು' ಎನ್ನುತ್ತೇವೆ. ಕಣ್ಣು ಉದ್ಧರಣ ಚಿಹ್ನೆಯನ್ನು ನೋಡಬಲ್ಲದು, ಕಿವಿ ನೋಡಲಾರದು. ಆಡುವವರು ಯಾರೆಂದು ಮೊದಲೇ ಹೇಳಿ, ಆಮೇಲೆ ಮಾತನ್ನಿಡಬೇಕು.

ನಾಲ್ಕನೆಯದು ಗೌರವದ ಪ್ರಶ್ನೆ. ಆಚಾರ್ಯರನ್ನು ಏಕವಚನದಲ್ಲಿ ಹೇಳಬಹುದೇ ಎಂದು ಹಿರಿಯರು ಕೇಳುವುದುಂಟು. 'ಪುಟ್ಟ ವಾಸುದೇವರು ಓಡಿಬಂದರು' ಎಂದರೆ ಮಗುವಿನ ಕಣ್ಣಿಗೆ ತನ್ನಂಥ ಬಾಲಕ ಬಾರದೆ, ಗಡ್ಡದ ಹಿರಿಯರು ಬರುತ್ತಾರೆ. ನಾನು ಪಾಲಿಸುವ ಕ್ರಮವಿದು: ವಾಸುದೇವನಾಗಿರುವಷ್ಟು ಕಾಲ ಏಕವಚನ, ಸಂನ್ಯಾಸಾನಂತರದ ಹೆಸರು ಬಂದೊಡನೆ ಬಹುವಚನ. ಕೊನೆಯ ವಾಕ್ಯದಲ್ಲಿ ಈ ಬದಲಾವಣೆ ಕೇಳಿಬಂದಾಗ, ವಿವರಣೆಯಿಲ್ಲದೆಯೇ ಮಗುವಿಗೆ ಬಾಲಕನು ಏನಾದನೆಂಬುದು ತಿಳಿಯುತ್ತದೆ.

ಈ ಕ್ರಮದಲ್ಲಿ ಬರೆದ ಭಾಗವೊಂದನ್ನು ಓದುತ್ತೇನೆ. ಕಂಸದಲ್ಲಿರುವುದು ಚಿತ್ರಕಾರರಿಗೆ ಮತ್ತು ಓದುವವರಿಗೆ ಸೂಚನೆ.

(ಮನೆಯ ಬಾಗಿಲು. ಒಬ್ಬನು ಕೈಕಟ್ಟಿ ಕುಳಿತಿದ್ದಾನೆ.)
ಪಾಜಕ ಎಂಬ ಊರು. ಅಲ್ಲಿ ಪುಟ್ಟ ವಾಸುದೇವನ ಮನೆ. ಒಂದು ದಿನ ಬಾಗಿಲಲ್ಲಿ ಒಬ್ಬನು ಬಂದು ಕುಳಿತನು. ಅವನು ಹಿಂದೆ ವಾಸುದೇವನ ಅಪ್ಪನಿಗೆ ಹಣ ಕೊಟ್ಟಿದ್ದನು. ಹಾಗೆ ಪಡೆದು, ಹಿಂದಕ್ಕೆ ಕೊಡಬೇಕಾದ ಹಣವೇ ಸಾಲ. ಅಪ್ಪನ ಬಳಿ ಅಂದು ಹಣವಿರಲಿಲ್ಲ. ಬಂದವನು ಹೇಳಿದನು: "ಕೊಡುವವರೆಗೆ ನಾನು ಏಳುವುದಿಲ್ಲ."
(ಅಪ್ಪನ ಮುಖ. ಮೌನ, ಎರಡು ಎಣಿಕೆ.)
ವಾಸುದೇವ ಅಪ್ಪನ ಮುಖ ನೋಡಿದ. ಒಳಗೆ ಓಡಿದ. ಅಮ್ಮನ ಸಾರಿಗೆ ಹುಳಿ ಕೊಡುವ ಹಣ್ಣು ಯಾವುದು? ಹುಣಸೆ! ಆ ಹುಣಸೆಯ ಬೀಜಗಳನ್ನು ಹಿಡಿದು ಬಂದ. ಬಂದವನ ಅಂಗೈಯಲ್ಲಿಟ್ಟ.
(ಬೀಜಗಳು ಬೀಜಗಳಾಗಿಯೇ ಇರಲಿ, ಹೊಳಪು ಬೇಡ. ಮೌನ, ಮೂರು ಎಣಿಕೆ.)
ಅವನು ಬೀಜಗಳನ್ನು ನೋಡಿದ. ಮಗುವನ್ನು ನೋಡಿದ. ಎದ್ದು ಹೊರಟ.

ಬರಹ ಮುಗಿದ ಮೇಲೆ ಧ್ವನಿಮುದ್ರಣಕ್ಕೆ ಮುನ್ನ ಚಿತ್ರವಿಲ್ಲದೆ ಒಂದು ಮಗುವಿಗೆ ಓದಿ, ಮರುದಿನ ಕಥೆ ಹೇಳಿಸಿರಿ. ಹಣ ಯಾರು ಯಾರಿಗೆ ಕೊಡಬೇಕಾಗಿತ್ತೆಂಬುದು ಅದಲುಬದಲಾದರೆ ಮೊದಲ ಭಾಗವನ್ನು ತಿದ್ದಬೇಕು. 'ಮ್ಯಾಜಿಕ್ ಮಾಡಿದ' ಎಂದರೆ ಮೌನದ ಭಾಗವನ್ನು ತಿದ್ದಬೇಕು. 'ಅವನು ಯಾಕೆ ಹೊರಟುಹೋದ?' ಎಂದು ಮಗುವೇ ಕೇಳಿದರೆ ಬರಹ ಸಿದ್ಧವಾಗಿದೆ. ಆ ಪ್ರಶ್ನೆಗೆ ಉತ್ತರವನ್ನು ಧ್ವನಿಯಲ್ಲಿ ತುಂಬಬೇಡಿರಿ. ಅದನ್ನು ಹೇಳಲು ಮನೆಯಲ್ಲಿ ಅಜ್ಜಿ ತಾತಂದಿರಿದ್ದಾರೆ. ಅವರ ಪಾಲನ್ನು ಅವರಿಗೇ ಉಳಿಸೋಣ.

ಶ್ರೀಕೃಷ್ಣಾರ್ಪಣಮಸ್ತು.